ಪಿಕಪ್ ಇಲ್ಲ, ಕಪ್ಪು ಹೊಗೆ: ಟರ್ಬೊ ಹೋಗಿದೆ ಅಂತಲೇ ಅಲ್ಲ

ಡೀಸೆಲ್ ಕಾರಿನಲ್ಲಿ ಇಂಜಿನ್ ಲೈಟ್ ಹತ್ತಿಕೊಂಡು, ಸ್ಕ್ಯಾನರ್ ಹಾಕಿದಾಗ P0299 ಅಂತ ಬಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಟರ್ಬೊ ಹೋಗಿದೆ ಸರ್’. ಆದರೆ ಆ ಕೋಡ್ ಹೇಳೋದು ಅದನ್ನಲ್ಲ. ‘ನಾನು ಕೇಳಿದಷ್ಟು ಗಾಳಿಯ ಒತ್ತಡ ಇಂಜಿನ್ನಿಗೆ ಸಿಗ್ತಿಲ್ಲ’ ಅಂತ ಕಾರಿನ ಕಂಪ್ಯೂಟರ್ ದೂರು ಕೊಡ್ತಿದೆ, ಅಷ್ಟೇ. ಗಾಳಿ ಎಲ್ಲಿ ಕಳೆದುಹೋಯ್ತು ಅಂತ ಅದಕ್ಕೂ ಗೊತ್ತಿರೋದಿಲ್ಲ. ದಿನವಿಡೀ ಎರರ್ ಲಾಗ್ ಓದುವ ನಮ್ಮಂಥವರಿಗೆ ಈ ವ್ಯತ್ಯಾಸ ಹೊಸದೇನಲ್ಲ.

ನನ್ನ ಭಾವನ ಕಾರಿಗೆ ಆಗಿದ್ದು ಇದೇ. 2017ರ ಬಿಎಸ್4 ಡೀಸೆಲ್. ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಏರತೊಡಗಿದ ಮೇಲೆ ಕಾರು ಎಳೆಯೋದೇ ನಿಂತಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ವೇಗ ಏರಲಿಲ್ಲ, ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ. ಪಕ್ಕಕ್ಕೆ ನಿಲ್ಲಿಸಿ, ಕೀ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ಸ್ವಲ್ಪ ವಾಸಿ, ಆಮೇಲೆ ಮತ್ತೆ ಅದೇ ಕಥೆ. ಒತ್ತಡ ಕಡಿಮೆ ಅಂತ ಗೊತ್ತಾದ ಕೂಡಲೇ ಕಂಪ್ಯೂಟರ್ ಇಂಜಿನ್ನಿನ ಶಕ್ತಿಯನ್ನು ಬೇಕಂತಲೇ ಕಡಿತ ಮಾಡುತ್ತೆ. ಕೀ ಆಫ್ ಮಾಡಿದರೆ ಆ ಕಡಿತ ಹೋಗುತ್ತೆ, ದೋಷ ಹಾಗೇ ಇರುತ್ತೆ. ಬೆಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ಹೊಸ ಟರ್ಬೊಗೆ 70 ಸಾವಿರ ರೂಪಾಯಿ ಅಂದರು.

ಆದರೆ ಸುಳಿವು ಆ ಕಪ್ಪು ಹೊಗೆಯಲ್ಲೇ ಇತ್ತು. ಟರ್ಬೊ ಅಂದರೆ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ ತಿರುಗುವ ಒಂದು ಚಕ್ರ. ಅದು ಗಾಳಿಯನ್ನು ಒತ್ತಿ, ದಪ್ಪ ರಬ್ಬರ್ ಹೋಸುಗಳ ಮೂಲಕ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಕಳಿಸುತ್ತೆ. ಬಹಳಷ್ಟು ಕಾರುಗಳಲ್ಲಿ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಇರೋದು ಟರ್ಬೊಗಿಂತ ಮೊದಲು, ಏರ್ ಫಿಲ್ಟರಿನ ಹತ್ತಿರ. ಈಗ ಟರ್ಬೊ ದಾಟಿದ ಮೇಲೆ ಹೋಸ್ ಸೀಳಿದೆ ಅಂದುಕೊಳ್ಳಿ. ಸೆನ್ಸರ್ ಲೆಕ್ಕ ಹಾಕಿದ ಗಾಳಿಯಲ್ಲಿ ಒಂದಷ್ಟು ದಾರಿಯಲ್ಲೇ ಸೋರಿಹೋಗುತ್ತೆ. ಕಂಪ್ಯೂಟರ್ ಮಾತ್ರ ಪೂರ್ತಿ ಗಾಳಿಗೆ ತಕ್ಕಷ್ಟು ಡೀಸೆಲ್ ಹಾಕುತ್ತೆ. ಉರಿಯಲು ಗಾಳಿ ಸಾಲದ ಡೀಸೆಲ್ ಮಸಿಯಾಗಿ ಹೊರಬರುತ್ತೆ. ಟರ್ಬೊ ಸರಿಯಾಗಿ ತಿರುಗದೇ ಇದ್ದಿದ್ದರೆ ಒಳಗೆ ಬರುವ ಗಾಳಿಯೇ ಕಡಿಮೆ. ಸೆನ್ಸರಿಗೆ ಅದು ಕಾಣುತ್ತೆ, ಡೀಸೆಲ್ಲೂ ಕಡಿಮೆಯಾಗುತ್ತೆ. ಆಗ ಪಿಕಪ್ ಹೋದರೂ ಸಾಮಾನ್ಯವಾಗಿ ಇಷ್ಟು ಹೊಗೆ ಬರೋದಿಲ್ಲ.

ಖಚಿತ ಮಾಡಿಕೊಳ್ಳಲು ಬ್ಲೂಟೂತ್ ಸ್ಕ್ಯಾನರ್ ಹಾಕಿದೆವು. ಭಾವ ಓಡಿಸಿದರು, ನಾನು ಪಕ್ಕದಲ್ಲಿ ಕೂತು ಮೊಬೈಲ್ ನೋಡಿದೆ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಇದ್ದಾಗ ಒತ್ತಡ 91 ಕಿಲೊಪಾಸ್ಕಲ್. ಬೆಂಗಳೂರಿನ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಅಷ್ಟು, ಮಂಗಳೂರಿನಲ್ಲಾದರೆ 100ರ ಆಸುಪಾಸು. ಹಾಗಾಗಿ ಸೆನ್ಸರ್ ಸರಿ ಇದೆ ಅಂತಾಯ್ತು. ಏರಿನಲ್ಲಿ ಪೂರ್ತಿ ಒತ್ತಿದಾಗ ಕಂಪ್ಯೂಟರ್ ಕೇಳಿದ್ದು 210, ಸಿಕ್ಕಿದ್ದು 140. ಎರಡರಿಂದಲೂ ಹೊರಗಿನ 91 ಕಳೆಯಬೇಕು, ಅದನ್ನು ಟರ್ಬೊ ಕೊಟ್ಟಿದ್ದಲ್ಲ. ಟರ್ಬೊ ಕಡೆಯಿಂದ ಬರಬೇಕಾದದ್ದು 119, ಬಂದದ್ದು 49. ಅರ್ಧಕ್ಕೂ ಕಡಿಮೆ.

ಬಾನೆಟ್ ತೆಗೆದು ಸುಮ್ಮನೆ ನೋಡಿದರೆ ಇಂಥ ಸೀಳು ಕಾಣೋದಿಲ್ಲ. ಐಡಲ್‌ನಲ್ಲಿ ಹೋಸಿನೊಳಗೆ ಹೆಚ್ಚು ಒತ್ತಡವಿರೋದಿಲ್ಲ, ಸೀಳು ಮುಚ್ಚಿಕೊಂಡೇ ಇರುತ್ತೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಏರ್ ಫಿಲ್ಟರ್ ಕಡೆಯ ಪೈಪು ಬಿಚ್ಚಿ, ಟರ್ಬೊ ಬಾಯಿಗೆ ವಾಲ್ವ್ ಇರುವ ಮುಚ್ಚಳ ಕೂರಿಸಿ, ಕಂಪ್ರೆಸರಿನಿಂದ ನಿಧಾನವಾಗಿ ಸುಮಾರು 1 ಬಾರ್ ಗಾಳಿ ತುಂಬಿದರು. ಹೋಸುಗಳ ಮೇಲೆ ಸೋಪು ನೀರು. ಇಂಟರ್‌ಕೂಲರಿನಿಂದ ಇಂಜಿನ್ನಿಗೆ ಬರುವ ಹೋಸಿನ ಕೆಳಭಾಗದಲ್ಲಿ, ಕ್ಲಿಪ್ಪಿನ ಪಕ್ಕ, ಬುಸುಬುಸು ನೊರೆ ಎದ್ದಿತು. ಅಲ್ಲೇ ಎಣ್ಣೆ ಜಿಡ್ಡಿನ ಕಲೆಯೂ ಇತ್ತು. ಹೋಸು, ಕ್ಲಿಪ್ಪು, ಕೂಲಿ ಸೇರಿ 4,200 ರೂಪಾಯಿ. ಮತ್ತೆ ಅದೇ ಏರಿನಲ್ಲಿ ಕೇಳಿದ್ದು 210, ಸಿಕ್ಕಿದ್ದು 206.

ಎಲ್ಲ P0299 ಕೂಡ ಹೋಸಿನದ್ದೇ ಆಗಿರಬೇಕು ಅಂತೇನಿಲ್ಲ. ಟರ್ಬೊ ಒಳಗಿನ ರೆಕ್ಕೆಗಳನ್ನು ತಿರುಗಿಸುವ ಸಲಾಕೆ ಮಸಿಗೆ ಸಿಕ್ಕಿಕೊಂಡಿರಬಹುದು, ಅದಕ್ಕೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟಿರಬಹುದು. ವ್ಯಾಕ್ಯೂಮ್‌ನಿಂದ ನಡೆಯುವ ಇಂಥ ಟರ್ಬೊಗಳಲ್ಲಿ ಸಾಮಾನ್ಯವಾಗಿ ಇಂಜಿನ್ ಸ್ಟಾರ್ಟ್ ಆದಾಗ ಸಲಾಕೆ ಸರಿದು, ಆಫ್ ಮಾಡಿದಾಗ ವಾಪಸ್ ಬರುತ್ತೆ. ಅಲುಗಾಡದಿದ್ದರೆ ಅಲ್ಲಿಂದ ಶುರು ಮಾಡಿ. ಆದರೆ ಹೊಗೆ ನೀಲಿಯಾಗಿದ್ದು, ಇಂಜಿನ್ ಆಯಿಲ್ ಕಡಿಮೆಯಾಗುತ್ತಾ, ಸೈರನ್‌ನಂಥ ಕೂಗು ಬರ್ತಿದ್ದರೆ ಟರ್ಬೊ ಮೇಲೇ ಅನುಮಾನ ಪಡಬೇಕು. ಆಗ ಕಾರು ಓಡಿಸದೆ ಟೋ ಮಾಡಿಸಿ. ಸೋರುವ ಆಯಿಲ್ಲನ್ನೇ ಕುಡಿದು ಡೀಸೆಲ್ ಇಂಜಿನ್ ಹಿಡಿತ ತಪ್ಪಿ ಓಡಬಲ್ಲದು, ಕೀ ತೆಗೆದರೂ ನಿಲ್ಲದೆ.

ಬಿಎಸ್6 ಡೀಸೆಲ್ ಇಟ್ಟುಕೊಂಡವರಿಗೆ ಒಂದು ಮಾತು: ನಿಮಗೆ ಕಪ್ಪು ಹೊಗೆ ಕಾಣದೇ ಇರಬಹುದು. ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತೆ. ಪಿಕಪ್ ಕಡಿಮೆಯಾಗಿ, ಡಿಪಿಎಫ್ ಲೈಟ್ ಮೊದಲಿಗಿಂತ ಪದೇ ಪದೇ ಹತ್ತುತ್ತಿದ್ದರೆ, ಫಿಲ್ಟರ್ ಕ್ಲೀನ್ ಮಾಡಿಸುವ ಮೊದಲು ಹೋಸುಗಳಿಗೆ ಗಾಳಿ ತುಂಬಿಸಿ ನೋಡಿ ಅಂತ ಮೆಕ್ಯಾನಿಕ್‌ಗೆ ಹೇಳಿ.