ಲಕ್ಷ್ಮಿಯ ಸಾಲಿನಲ್ಲಿ ನಿಂತ ಪ್ರೋಗ್ರಾಮ್

ಪರಿಚಯದ ಹೈಸ್ಕೂಲ್ ಮೇಷ್ಟ್ರೊಬ್ಬರು ಮಕ್ಕಳ ಅಂಕ ಕೂಡಿಸಲು ಪೈಥಾನ್ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಮ್ ಬರೆದರು. 240 ಮಕ್ಕಳ ಪಟ್ಟಿ, ಹೆಸರೆಲ್ಲ ಕನ್ನಡದಲ್ಲಿ. ಓಡಿಸಿದರೆ ಒಂದು ಹೆಸರೂ ಬರಲಿಲ್ಲ, ಬದಲಿಗೆ ಕೆಂಪಕ್ಷರದ ಐದಾರು ಸಾಲು ಬಂತು. ಅವರು ಅಂತರ್ಜಾಲದಲ್ಲಿ ಹೀಗೆ ಕೇಳಿದರು: ‘ಪೈಥಾನ್ ಫೈಲ್ ಓದ್ತಾ ಇಲ್ಲ. ಅರ್ಜೆಂಟ್. ದಯವಿಟ್ಟು ಸಹಾಯ ಮಾಡಿ.’ ಜೊತೆಗೆ ಮೊಬೈಲಿನಲ್ಲಿ ತೆಗೆದ ಪರದೆಯ ಫೋಟೋ. ಕೊನೆಯ ಸಾಲು ಅದರಲ್ಲಿ ಅರ್ಧಕ್ಕೆ ಕತ್ತರಿಸಿ ಹೋಗಿತ್ತು.

ಬಂದ ಉತ್ತರ ಒಂದೇ: ‘ನಮ್ಮಲ್ಲಿ ಚೆನ್ನಾಗೇ ಓಡುತ್ತಿದೆಯಲ್ಲ?’ ಮೇಷ್ಟ್ರಿಗೆ ಬೇಜಾರಾಯಿತು. ಆದರೆ ಉತ್ತರಿಸಿದವರು ಸುಳ್ಳು ಹೇಳಿರಲಿಲ್ಲ. ಅವರದು ಲಿನಕ್ಸ್, ಮೇಷ್ಟ್ರದು ವಿಂಡೋಸ್. ಈ ತೊಂದರೆಯ ಮಟ್ಟಿಗೆ ಇಡೀ ಕಥೆ ಇದ್ದದ್ದೇ ಅಲ್ಲಿ, ಪ್ರಶ್ನೆಯಲ್ಲಿ ಇರಲಿಲ್ಲದ್ದೂ ಅದೇ.

‘ಪುಟಿ’ ಎಂಬ ತಂತ್ರಾಂಶ ಬರೆದ ಸೈಮನ್ ಟ್ಯಾಥಮ್, ದೋಷಗಳನ್ನು ವರದಿ ಮಾಡುವುದು ಹೇಗೆ ಎಂದು 1999ರಲ್ಲೇ ಒಂದು ಲೇಖನ ಬರೆದಿದ್ದಾರೆ. ಪ್ರೋಗ್ರಾಮ್ ಕೆಡುವುದನ್ನು ಎದುರಿನವರು ತಮ್ಮ ಕಣ್ಣಾರೆ ನೋಡುವಂತೆ ಮಾಡಿ ಎಂಬುದು ಅದರ ತಿರುಳು. ಅಪರಿಚಿತರು ನಿಮ್ಮ ಪಕ್ಕ ಬಂದು ಕೂರಲಾರರು. ಆದ್ದರಿಂದ ತೊಂದರೆಯೇ ಅವರ ಕಂಪ್ಯೂಟರಿಗೆ ಹೋಗಬೇಕು. ಅದಕ್ಕೆ 240 ಸಾಲಿನ ಪಟ್ಟಿ ಬೇಕಿಲ್ಲ, ಮೂರು ಸಾಲು ಸಾಕು. ಯಾವ ಮೂರು ಎಂಬುದೇ ಕೆಲಸ.

ಮೇಷ್ಟ್ರು ಮೊದಲು ತಪ್ಪನ್ನು ಪಟ್ಟಿಯ ಮೊದಲ ಸಾಲಿನಲ್ಲೇ ಹುಡುಕುತ್ತಿದ್ದರು, ಒಂದು ಹೆಸರೂ ಮೂಡಿರಲಿಲ್ಲವಲ್ಲ. ಆದರೆ ಪೈಥಾನ್ ಫೈಲನ್ನು ಸಾಲು ಸಾಲಾಗಿ ಅಲ್ಲ, ದೊಡ್ಡ ತುತ್ತುಗಳಾಗಿ ಒಳಗೆ ತೆಗೆದುಕೊಳ್ಳುತ್ತದೆ. ಎಲ್ಲೋ ನಡುವೆ ಸಿಕ್ಕ ಕಲ್ಲಿಗೆ ಮೊದಲ ತುತ್ತೇ ನಿಂತುಬಿಡುತ್ತದೆ. ಹಾಗಾಗಿ ಊಹೆ ಬಿಟ್ಟು ಪಟ್ಟಿಯನ್ನು ಅರ್ಧ ಮಾಡಿದೆವು. ಯಾವ ಅರ್ಧ ಕೆಡುತ್ತದೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು, ಎರಡೂ ಕೆಟ್ಟರೆ ಯಾವುದಾದರೂ ಒಂದು. 240, 120, 60 ಎಂದು ಇಳಿದರೆ ಎಂಟೇ ಸಲಕ್ಕೆ ಒಂದು ಸಾಲಿಗೆ ಬರಬಹುದು. ಮೂಲ ಫೈಲನ್ನು ಮುಟ್ಟದೆ ಅದರ ನಕಲಿನ ಮೇಲೆ ಇದನ್ನು ಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಹೆಸರುಗಳ ಮಾತು ಬಂತು. ಮಕ್ಕಳ ನಿಜವಾದ ಹೆಸರು, ಅಂಕಗಳನ್ನು ಊರಿಗೆಲ್ಲ ತೋರಿಸುವಂತಿಲ್ಲ, ಅದು ಸರಿ. ಮೇಷ್ಟ್ರು ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ ಎಬಿಸಿ ಎಂದು ಹಾಕಿದರು. ತೊಂದರೆ ಮಾಯ! ‘ರಮಾ’ ಎಂದು ಹಾಕಿದರು. ಕೆಂಪಕ್ಷರ ಬರಲಿಲ್ಲ, ಆದರೆ ಪರದೆಯಲ್ಲಿ ರಮಾ ಬದಲು `à²°à²®à²¾` ಎಂಬ ವಿಚಿತ್ರ ಮೂಡಿತು. ‘ಲಕ್ಷ್ಮಿ’ ಎಂದು ಹಾಕಿದಾಗ ಪ್ರೋಗ್ರಾಮ್ ಮತ್ತೆ ನಿಂತಿತು. ಬೇಡದ್ದನ್ನು ತೆಗೆದುಹಾಕುವಾಗ ರೋಗವೂ ತೆಗೆದುಹೋಗಬಹುದು. ಆದ್ದರಿಂದ ಕತ್ತರಿಸಿದ ಪ್ರತಿ ಸಲವೂ ಓಡಿಸಿ, ಅದೇ ದೋಷ ಇನ್ನೂ ಬರುತ್ತಿದೆಯೇ ಎಂದು ನೋಡಲೇಬೇಕು. ಹೀಗೆ ನೋಡದೆ, ‘ಹೆಚ್ಚೂಕಡಿಮೆ ನನ್ನ ಕೋಡ್ ಹೀಗಿದೆ’ ಎಂದು ನೆನಪಿನಿಂದ ಬರೆದು ಕಳಿಸುವವರೇ ಜಾಸ್ತಿ. ಹಾಗೆ ಬರೆಯುವಾಗ ತಪ್ಪಿದ್ದ ಜಾಗ ತಾನಾಗಿ ಸರಿಹೋಗಿಬಿಟ್ಟಿರುತ್ತದೆ.

ಕೊನೆಗೆ ಮೇಷ್ಟ್ರು ಹೊಸದಾಗಿ ಬರೆದ ಪ್ರಶ್ನೆಯ ತಲೆಬರಹ ಹೀಗಿತ್ತು: ‘ವಿಂಡೋಸ್ 11, ಪೈಥಾನ್ 3.12: ಕನ್ನಡ ಹೆಸರಿರುವ ಸಿಎಸ್‌ವಿ ಫೈಲ್ ಓದುವಾಗ UnicodeDecodeError’. ಫೈಲನ್ನು ನೋಟ್‌ಪ್ಯಾಡಿನಲ್ಲಿ ಮಾಡಿದ್ದು, ಅದರ ಕೆಳಪಟ್ಟಿ ಯುಟಿಎಫ್-8 ಎಂದು ತೋರಿಸುತ್ತಿದೆ ಎಂದೂ ಬರೆದರು. ಫೈಲು ಇಷ್ಟೇ:

```
name,marks
ರಮಾ,71
ಲಕ್ಷ್ಮಿ,64
```

ಕೋಡ್ ಇಷ್ಟೇ:

```python
with open("marks.csv") as f:
    for line in f:
        print(line.strip())
```

ದೋಷದ ಸಾಲುಗಳನ್ನು ಫೋಟೋ ತೆಗೆಯದೆ ಹಾಗೇ ಕಾಪಿ ಮಾಡಿ ಹಾಕಿದರು. ಫೋಟೋದಿಂದ ಯಾರೂ ಕೋಡ್ ಎತ್ತಿಕೊಂಡು ಓಡಿಸಲಾರರು, ದೋಷದ ಸಾಲನ್ನು ಹುಡುಕಿ ನೋಡಲೂ ಆಗದು. ಕೊನೆಯ ಸಾಲು:

```
UnicodeDecodeError: 'charmap' codec can't decode byte 0x8d in position 34: character maps to <undefined>
```

ಅದರ ಮೇಲಿನ ಸಾಲುಗಳಲ್ಲಿ `cp1252.py` ಎಂಬ ಫೈಲಿನ ಹೆಸರಿತ್ತು. ಮೇಷ್ಟ್ರ ಮೊದಲ ಫೋಟೋದಲ್ಲೂ ಅದಿತ್ತಂತೆ, ಓದಲು ಬರುತ್ತಿರಲಿಲ್ಲ ಅಷ್ಟೆ.

ಬಲ್ಲವರಿಗೆ ಇಷ್ಟು ಸಾಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಗುಣಿತಚಿಹ್ನೆಗೆ ಮೂರು ಮೂರು ಬೈಟ್. ವಿಂಡೋಸಿನಲ್ಲಿ ಪೈಥಾನ್ 3.12ಕ್ಕೆ ನೀವು ಏನೂ ಹೇಳದಿದ್ದರೆ ಅದು ಕಂಪ್ಯೂಟರಿನ ಹಳೆಯ ಲಿಪಿಕೋಷ್ಟಕವನ್ನು ಹಿಡಿದು ಫೈಲ್ ಓದುತ್ತದೆ. ಮೇಷ್ಟ್ರ ಯಂತ್ರದಲ್ಲಿ ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ cp1252. ಆ ಕೋಷ್ಟಕದ 256 ಮನೆಗಳಲ್ಲಿ ಐದು ಖಾಲಿ, ಅದರಲ್ಲಿ 8D ಒಂದು. ಒತ್ತಕ್ಷರ ಮಾಡುವ ನಮ್ಮ ಹಲಂತದ ಮೂರನೆಯ ಬೈಟ್ ಸರಿಯಾಗಿ ಅದೇ 8D! ರಮಾಳ ಒಂಬತ್ತು ಬೈಟ್‌ಗಳಿಗೂ ಹೇಗೋ ಮನೆ ಸಿಕ್ಕಿತು, ಅಕ್ಷರ ಮಾತ್ರ ಬೇರೆಯಾಯಿತು. ಲಕ್ಷ್ಮಿಯ ಒತ್ತಿಗೆ ಮನೆಯೇ ಇಲ್ಲ. ಕೊಂಬಿಗೂ ಇದೇ ಗತಿ, ಅದರ ಕೊನೆಯ ಬೈಟ್ 81, ಆ ಮನೆಯೂ ಖಾಲಿ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಎಲ್ಲವೂ ಯುಟಿಎಫ್-8 ಆದ್ದರಿಂದ ಅಲ್ಲಿನವರಿಗೆ ಈ ತಾಪತ್ರಯ ಕಾಣುವುದಿಲ್ಲ. ಪೈಥಾನ್ ಕೂಡ 3.15ರ ಆವೃತ್ತಿಯಿಂದ ಎಲ್ಲೆಡೆ ಯುಟಿಎಫ್-8ನ್ನೇ ಹಿಡಿಯಬೇಕೆಂದು ತೀರ್ಮಾನವಾಗಿದೆ. ಅಂದರೆ ಆವೃತ್ತಿಯ ಸಂಖ್ಯೆ ಹೇಳದಿದ್ದರೆ ಇದೇ ಪ್ರಶ್ನೆಗೆ ಎರಡು ಬೇರೆ ಉತ್ತರಗಳು ಬರಬಹುದು.

ಇನ್ನೊಂದು ಅಪಾಯದಿಂದ ಮೇಷ್ಟ್ರು ಸ್ವಲ್ಪದರಲ್ಲಿ ಪಾರಾದರು. ನಡುವೆ ಒಮ್ಮೆ ಅವರು ಕೇಳಬೇಕೆಂದಿದ್ದದ್ದು ‘ಫೈಲಿನಿಂದ 0x8d ಬೈಟ್ ತೆಗೆದುಹಾಕುವುದು ಹೇಗೆ?’ ಎಂದು. ಪ್ರಶ್ನೆ ಅಚ್ಚುಕಟ್ಟಾಗಿದೆ, ಯಾರೋ ಒಂದೇ ಸಾಲಿನಲ್ಲಿ ಉತ್ತರವನ್ನೂ ಕೊಡುತ್ತಿದ್ದರು. ಹಾಗೆ ಮಾಡಿದ್ದರೆ ಮೂರು ಬೈಟಿನ ಹಲಂತದಲ್ಲಿ ಎರಡೇ ಉಳಿದು, ಫೈಲು ಯುಟಿಎಫ್-8 ಆಗಿಯೂ ಓದಲು ಬಾರದಂತೆ ಹಾಳಾಗುತ್ತಿತ್ತು. ಪ್ರೋಗ್ರಾಮರುಗಳು ಇದನ್ನು ‘ಎಕ್ಸ್‌ವೈ ಪ್ರಾಬ್ಲಮ್’ ಎನ್ನುತ್ತಾರೆ: ಬೇಕಾದದ್ದು ಒಂದು, ಅದಕ್ಕೆ ತನಗೆ ತೋಚಿದ ಅಡ್ಡದಾರಿಯ ಬಗ್ಗೆ ಕೇಳುವುದು ಇನ್ನೊಂದು. ಪ್ರಶ್ನೆಯ ಮೊದಲಲ್ಲೇ ‘ಕನ್ನಡ ಹೆಸರುಗಳನ್ನು ಓದಿ ಹಾಗೆಯೇ ಮುದ್ರಿಸಬೇಕು’ ಎಂಬ ಒಂದು ಸಾಲು ಇದ್ದರೆ ಓದುವವರು ಅಡ್ಡದಾರಿಯನ್ನು ಅಲ್ಲೇ ತಡೆಯುತ್ತಾರೆ.

ಹಾಗೆಂದು ತಾವು ಈಗಾಗಲೇ ಮಾಡಿನೋಡಿದ್ದನ್ನು ಮುಚ್ಚಿಡಬೇಕಾಗಿಲ್ಲ. ‘ಇಂಗ್ಲಿಷ್ ಹೆಸರು ಹಾಕಿದರೆ ಓಡುತ್ತದೆ, ರಮಾ ಹಾಕಿದರೆ ಅಕ್ಷರ ಕೆಡುತ್ತದೆ, ಲಕ್ಷ್ಮಿ ಹಾಕಿದರೆ ನಿಲ್ಲುತ್ತದೆ’ ಎಂದು ಮೇಷ್ಟ್ರು ಬರೆದ ಸಾಲೇ ಇಡೀ ಪ್ರಶ್ನೆಯಲ್ಲಿ ಹೆಚ್ಚು ಬೆಲೆಬಾಳುವ ಸಾಲು ಎಂದು ನನ್ನ ಲೆಕ್ಕ. ‘ಎಲ್ಲಾ ಟ್ರೈ ಮಾಡಿದೆ’ ಎನ್ನುವುದು ಅದರ ಜಾಗ ತುಂಬುವುದಿಲ್ಲ. ‘ಅರ್ಜೆಂಟ್’ ಅಂತೂ ಯಾರ ಕೈಯನ್ನೂ ಬೇಗ ಓಡಿಸಿದ್ದನ್ನು ನಾನು ಕಂಡಿಲ್ಲ.

ಉತ್ತರ ಬಂತು, ಒಂದು ಸಾಲಿನದು:

```python
with open("marks.csv", encoding="utf-8") as f:
```

ಫೈಲನ್ನು ಎಕ್ಸೆಲ್‌ನಿಂದ ‘ಸಿಎಸ್‌ವಿ ಯುಟಿಎಫ್-8’ ಎಂದು ಉಳಿಸಿದ್ದರೆ ಅಲ್ಲಿ `utf-8-sig` ಎಂದು ಬರೆಯಿರಿ ಎಂದೂ ಉತ್ತರಿಸಿದವರು ಸೇರಿಸಿದ್ದರು. ಆಗ ಫೈಲಿನ ಮುಂದೆ ಕಣ್ಣಿಗೆ ಕಾಣದ ಮೂರು ಬೈಟ್ ಗುರುತು ಕೂತಿರುತ್ತದೆ. ಅದನ್ನು ಕೇಳದೆಯೇ ಹೇಳಿದ್ದು, ಫೈಲ್ ಹೇಗೆ ಮಾಡಿದ್ದು ಎಂದು ಮೇಷ್ಟ್ರು ಬರೆದಿದ್ದರಿಂದ.

ನಿಮ್ಮ ಪ್ರಶ್ನೆಗೂ ಉತ್ತರ ಸಿಕ್ಕರೆ, ‘ಥ್ಯಾಂಕ್ಸ್, ಸರಿಹೋಯ್ತು’ ಎಂದಷ್ಟೇ ಬರೆದು ಎದ್ದುಹೋಗಬೇಡಿ. ಯಾವ ಸಾಲು ಬದಲಿಸಿದ್ದರಿಂದ ಸರಿಹೋಯಿತು ಎಂಬುದನ್ನೂ ಅಲ್ಲೇ ಬರೆದಿಡಿ. ಹೆಸರಿನಲ್ಲಿ ಒತ್ತಕ್ಷರ ಇರುವ ಮಕ್ಕಳು ಬೇರೆ ಶಾಲೆಗಳಲ್ಲೂ ಇದ್ದಾರೆ.