ಮಣಿಕಟ್ಟಿನ ಮೇಲೆ ಎರಡು ಗಂಟೆ

ಅಕ್ಕನ ಮಗ ಮೈಸೂರಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಾನೆ, ಇರುವುದು ಹಾಸ್ಟೆಲಿನಲ್ಲಿ. ಒಂದು ಶನಿವಾರ ಬೆಳಿಗ್ಗೆ ಮನೆಗೆ ಬಂದವನು ಇಡ್ಲಿ ತಿಂದು, ಕೈ ತೊಳೆದು, ಜೇಬಿನಿಂದ 600 ರೂಪಾಯಿ ತೆಗೆದು ಮೇಜಿನ ಮೇಲಿಟ್ಟ. “ಚಿಕ್ಕಮ್ಮ, ನೀವು ಕೊಡಿಸೋದು ಬೇಡ, ದುಡ್ಡು ನಂದೇ. ಒಂದು ಒಳ್ಳೇ ಸೆಂಟು ಆರಿಸಿಕೊಡಿ, ಸಾಕು” ಎಂದ. ನನ್ನ ಬೀರುವಿನಲ್ಲಿ ಸೀರೆಗಿಂತ ಸೀಸೆಗಳೇ ಜಾಸ್ತಿ ಎಂಬುದು ನೆಂಟರಿಗೆಲ್ಲ ಗೊತ್ತಿರುವ ವಿಷಯ.

ಇಲ್ಲಿಯವರೆಗೆ ಏನು ಹಾಕ್ಕೊಳ್ತಿದ್ದೆ ಎಂದು ಕೇಳಿದೆ. 200 ರೂಪಾಯಿಯ ಬಾಡಿ ಸ್ಪ್ರೇ. ಒಂದು ಡಬ್ಬ ಮೂರು ವಾರಕ್ಕೆ ಖಾಲಿಯಾಗುತ್ತದಂತೆ, ಬೆಳಿಗ್ಗೆ ಹೊಡೆದುಕೊಂಡದ್ದು ಮೂರನೇ ಪೀರಿಯಡ್ಡಿನ ಹೊತ್ತಿಗೆ ಮಾಯವಂತೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಬುಸ್ಸೆಂದು ಹೊಡೆಯುವ ಡಬ್ಬದೊಳಗೆ ಹೆಚ್ಚಿನ ಪಾಲು ಇರುವುದು ತಳ್ಳುವ ಗ್ಯಾಸು ಮತ್ತು ಆಲ್ಕೋಹಾಲು. ಪರಿಮಳ ಕೊಡುವ ಎಣ್ಣೆ ಸ್ವಲ್ಪವೇ. ಗ್ಯಾಸು ಹಾರಿಹೋಗುತ್ತದೆ, ಆಲ್ಕೋಹಾಲು ಆರಿಹೋಗುತ್ತದೆ, ಉಳಿಯುವುದು ಆ ಸ್ವಲ್ಪ.

ಸೀಸೆಯಲ್ಲಿ ಬರುವ ಪರ್ಫ್ಯೂಮಿನಲ್ಲಿ ಎಣ್ಣೆಯ ಪಾಲು ಹೆಚ್ಚು. ಪೆಟ್ಟಿಗೆಯ ಮೇಲೆ ‘ಓ ದ ತ್ವಾಲೆಟ್’ ಎಂಬ ಫ್ರೆಂಚ್ ಮಾತು ಇದ್ದರೆ ಸಾಮಾನ್ಯವಾಗಿ ನೂರಕ್ಕೆ 5ರಿಂದ 15 ಭಾಗ, ‘ಓ ದ ಪರ್ಫಮ್’ ಎಂದಿದ್ದರೆ 15ರಿಂದ 20 ಭಾಗ ಎಣ್ಣೆ ಇರುತ್ತದೆ. ಅಂಗಡಿಯವರು ಇವನ್ನೇ ಇ.ಡಿ.ಟಿ., ಇ.ಡಿ.ಪಿ. ಎನ್ನುತ್ತಾರೆ. ಆದರೆ ಇದು ವ್ಯಾಪಾರದ ರೂಢಿಯ ಲೆಕ್ಕ, ತಕ್ಕಡಿಯಲ್ಲಿ ತೂಗಿ ಬರೆದದ್ದಲ್ಲ. ಒಬ್ಬರ ಇ.ಡಿ.ಟಿ. ಇನ್ನೊಬ್ಬರ ಇ.ಡಿ.ಪಿ.ಗಿಂತ ಹೆಚ್ಚು ಹೊತ್ತು ನಿಂತದ್ದನ್ನು ನಾನೇ ನೋಡಿದ್ದೇನೆ. ಆ ಅಕ್ಷರಗಳನ್ನು ಓದಿಕೊಳ್ಳಬೇಕು, ಆದರೆ ಅವನ್ನೇ ನಂಬಿ ದುಡ್ಡು ಬಿಚ್ಚಬಾರದು.

ಹೊರಡುವ ಮುಂಚೆ ಒಂದು ಲೆಕ್ಕ ಹಾಕಿದೆವು. ಸೀಸೆಯ ಮೂತಿಯನ್ನು ಒಂದು ಸಲ ಒತ್ತಿದರೆ ಹೆಚ್ಚುಕಡಿಮೆ 0.1 ಮಿಲಿ ಹೊರಗೆ ಬರುತ್ತದೆ. ಹಾಗಾದರೆ 30 ಮಿಲಿಯ ಸೀಸೆಯಲ್ಲಿ ಸುಮಾರು 300 ಒತ್ತು. ದಿನಕ್ಕೆ ಎರಡರಂತೆ, ತಿಂಗಳಿಗೆ 24 ದಿನ ಕಾಲೇಜು ಎಂದುಕೊಂಡರೂ ಆರು ತಿಂಗಳಿಗೆ ಬರುತ್ತದೆ. ಅದೇ ಆರು ತಿಂಗಳಿಗೆ ಇವನ ಬಾಡಿ ಸ್ಪ್ರೇ ಎಂಟೊಂಬತ್ತು ಡಬ್ಬ ಬೇಕು. ಹುಡುಗ ಬೆರಳು ಮಡಚಿ ಲೆಕ್ಕ ಹಾಕಿ ಸುಮ್ಮನಾದ.

ಈ ಬಜೆಟ್ಟಿನಲ್ಲಿ 100 ಮಿಲಿಯ ದೊಡ್ಡ ಸೀಸೆಯೂ ಸಿಗುತ್ತದೆ. ನೋಡಲು ಲಾಭವೆನಿಸುತ್ತದೆ. ನಾನು ಬೇಡವೆಂದೆ. ಮೊದಲ ಪರಿಮಳ ಎಂದರೆ ಒಂದು ಅಂದಾಜು. ತನಗೆ ಏನು ಹಿಡಿಸುತ್ತದೆ ಎಂಬುದು ಹುಡುಗನಿಗೇ ಇನ್ನೂ ಗೊತ್ತಿಲ್ಲ. ಅಂದಾಜು ತಪ್ಪಿದರೆ 30 ಮಿಲಿಯನ್ನು ಹೇಗೋ ಮುಗಿಸಬಹುದು. 100 ಮಿಲಿ ತಪ್ಪಿದರೆ ಡಿಗ್ರಿ ಮುಗಿಯುವವರೆಗೂ ಅದರ ಜೊತೆ ಬಾಳಬೇಕು.

ದೇವರಾಜ ಅರಸು ರಸ್ತೆಯ ಒಂದು ಅಂಗಡಿಗೆ ಹೋದೆವು. ಮಾರುವ ಹುಡುಗಿ ಚುರುಕು. ಬಿಳಿ ಕಾಗದದ ಪಟ್ಟಿಗಳ ಮೇಲೆ ಒಂದೊಂದೇ ಸೀಸೆ ಒತ್ತಿ ಕೈಗೆ ಕೊಡತೊಡಗಿದಳು. ನಾನು ಪೆನ್ನು ತೆಗೆದು ಪ್ರತಿ ಪಟ್ಟಿಯ ತುದಿಯಲ್ಲಿ ಹೆಸರು ಬರೆದುಕೊಂಡೆ, ಬರೆಯದಿದ್ದರೆ ಐದು ನಿಮಿಷದಲ್ಲಿ ಯಾವುದು ಯಾವುದೋ ಆಗಿಬಿಡುತ್ತದೆ. ಆರು ಪಟ್ಟಿ ಆದ ಮೇಲೆ ಸಾಕು ಎಂದೆ. ಆಮೇಲೆ ಮೂಗು ಸೋಲುತ್ತದೆ, ಎಲ್ಲವೂ ಒಂದೇ ತರಹ ಕಾಣಿಸುತ್ತವೆ. ಅದಕ್ಕೆಂದು ಕೌಂಟರಿನಲ್ಲಿ ಕಾಫಿ ಬೀಜದ ಬಟ್ಟಲು ಇಟ್ಟಿದ್ದರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕಾಫಿಯೂ ಇನ್ನೊಂದು ಘಾಟು ವಾಸನೆಯೇ ತಾನೆ? ಬಾಗಿಲಾಚೆ ಹೋಗಿ ಎರಡು ನಿಮಿಷ ಗಾಳಿ ಕುಡಿದು ಬಂದರೆ ಅಷ್ಟೇ ಪ್ರಯೋಜನ.

ಆರರಲ್ಲಿ ಎರಡನ್ನು ಹುಡುಗ ಆರಿಸಿದ. ಒಂದು ನಿಂಬೆ ಸಿಪ್ಪೆ ಚಿವುಟಿದ ಹಾಗೆ ಜುಮ್ಮೆನ್ನುವಂಥದ್ದು, ಬೆಲೆ 550. ಇನ್ನೊಂದು ಯಾಲಕ್ಕಿ, ಒಣ ಕಟ್ಟಿಗೆಯ ಛಾಯೆಯದ್ದು, 30 ಮಿಲಿಗೆ 450. ಮೊದಲನೆಯದನ್ನು ಮೂಗಿಗೆ ಹಿಡಿದಾಗ ಅವನ ಮುಖ ಅರಳಿತು, “ಇದೇ ಚಿಕ್ಕಮ್ಮ!” ಎಂದ. ಹುಡುಗಿ ಆಗಲೇ ಪೆಟ್ಟಿಗೆ ತೆಗೆಯಲು ಹೊರಟಿದ್ದಳು. ನಿಲ್ಲಮ್ಮಾ ಎಂದು ಅವನ ಎಡ ಮಣಿಕಟ್ಟಿಗೆ ನಿಂಬೆಯದನ್ನು ಒಂದು ಸಲ, ಬಲಕ್ಕೆ ಯಾಲಕ್ಕಿಯದನ್ನು ಒಂದು ಸಲ ಒತ್ತಿಸಿದೆ. ಅವನು ಎರಡು ಮಣಿಕಟ್ಟನ್ನೂ ಸೇರಿಸಿ ಉಜ್ಜಲು ಹೋದ. ಸಿನಿಮಾದಲ್ಲಿ ನೋಡಿದ್ದಿರಬೇಕು. ಉಜ್ಜಿದರೆ ಚರ್ಮ ಬಿಸಿಯಾಗಿ ಮೊದಲ ಘಮ ಬೇಗ ಹಾರಿಹೋಗುತ್ತದೆ, ಈ ಸಲವಂತೂ ಎರಡೂ ಕಲಸಿಹೋಗುತ್ತಿದ್ದವು. ಎರಡು ಗಂಟೆ ಬಿಟ್ಟು ಬರ್ತೀವಿ ಎಂದು ಹೇಳಿ ಹೊರಗೆ ಬಂದೆವು.

ಈ ಎರಡು ಗಂಟೆಯೇ ಎಲ್ಲ. ಪರ್ಫ್ಯೂಮು ಒಂದೇ ವಾಸನೆಯಲ್ಲ, ಬೇರೆ ಬೇರೆ ವೇಗದಲ್ಲಿ ಆವಿಯಾಗುವ ಹತ್ತಾರು ವಸ್ತುಗಳ ಕೂಟ. ನಿಂಬೆ, ಕಿತ್ತಳೆ ಜಾತಿಯ ಘಮದ ಅಣುಗಳು ಚಿಕ್ಕವು, ಹಗುರ. ಚರ್ಮದ ಬಿಸಿಗೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಬಹುಪಾಲು ಹಾರಿಹೋಗುತ್ತವೆ. ಹೂವು, ಮಸಾಲೆಯವು ಒಂದೆರಡು ಗಂಟೆ ನಿಲ್ಲುತ್ತವೆ. ಕಟ್ಟಿಗೆ, ಅಂಟು, ಕಸ್ತೂರಿ ಬಗೆಯವು ಭಾರ, ಸಂಜೆಯವರೆಗೂ ಅಂಟಿಕೊಂಡಿರುತ್ತವೆ. ಅಂಗಡಿಯಲ್ಲಿ ನಮ್ಮನ್ನು ಮರುಳು ಮಾಡುವುದು ಮೊದಲ ಹತ್ತು ನಿಮಿಷ. ಕಾಲೇಜಿನಲ್ಲಿ ಪಕ್ಕದ ಬೆಂಚಿನವರಿಗೆ ಸಿಗುವುದು ಕೊನೆಯದು. ಅಗ್ಗದ ಸೀಸೆಗಳಲ್ಲಿ ಖರ್ಚು ಉಳಿಸುವುದೂ ಹೆಚ್ಚಾಗಿ ಈ ಕೊನೆಯ ಭಾಗದಲ್ಲೇ, ಏಕೆಂದರೆ ಗಿರಾಕಿ ಅಲ್ಲಿಯವರೆಗೆ ಕಾಯುವುದಿಲ್ಲ.

ಕಾಯಬೇಕಲ್ಲ, ದೇವರಾಜ ಮಾರುಕಟ್ಟೆಯ ಕಡೆ ನಡೆದೆವು. ಅತ್ತರಿನ ಸಾಲಿನಲ್ಲಿ ಒಬ್ಬರು ಕೂಗಿ ಕರೆದು, “ಅಸಲಿ ಶ್ರೀಗಂಧ, 10 ಮಿಲಿ ನೂರೈವತ್ತು” ಎಂದರು. ಮೈಸೂರಿನವಳಾಗಿ ಈ ಮಾತಿಗೆ ನಾನು ಮೋಸಹೋಗುವಂತಿಲ್ಲ. 1916ರಲ್ಲೇ ಗಂಧದೆಣ್ಣೆಯ ಕಾರ್ಖಾನೆ ಬಂದ ಊರು ಇದು. ಅಪ್ಪಟ ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿಗೂ ಮೀರಿದ ಮಾಲು. ಬರೀ ಲಕ್ಷ ಎಂದೇ ಇಟ್ಟುಕೊಂಡರೂ ಗ್ರಾಂಗೆ 100 ರೂಪಾಯಿ, 10 ಮಿಲಿಗೆ ಸಾವಿರದ ಹತ್ತಿರ ಆಯಿತು. ನೂರೈವತ್ತಕ್ಕೆ ಕೊಡುತ್ತಿರುವುದು ಗಂಧದ ಹಾಗೆ ಕಾಣುವ ಕೃತಕ ಪರಿಮಳ, ಯಾವುದೋ ತೆಳು ಎಣ್ಣೆಯಲ್ಲಿ ಬೆರೆಸಿದ್ದು. ಕೃತಕ ಎಂದರೆ ಕೆಟ್ಟದ್ದು ಎಂದೇನಲ್ಲ. 450 ರೂಪಾಯಿಯ ಪರ್ಫ್ಯೂಮಿನಲ್ಲಿರುವುದೂ ಬಹುಮಟ್ಟಿಗೆ ಅದೇ. ನನ್ನ ತಕರಾರು ‘ಅಸಲಿ’ ಎಂಬ ಮಾತಿನ ಮೇಲೆ ಮಾತ್ರ.

ಹಾಗೆಂದು ಅತ್ತರನ್ನು ಬಿಟ್ಟುಬಿಡಬೇಕಿಲ್ಲ. ಅಲ್ಲಿ ಅಳತೆ ಇನ್ನೂ ತೊಲದ ಲೆಕ್ಕವೇ: ತೊಲ ಎಂದರೆ 12 ಮಿಲಿಯ ಸೀಸೆ, ಅರ್ಧ ತೊಲ 6, ಕಾಲು ತೊಲ 3. ಕಾಲು ತೊಲ ಕೊಂಡು ನೋಡಿದರೆ ಜೇಬಿಗೆ ಭಾರವಾಗದು. ಆಲ್ಕೋಹಾಲಿಲ್ಲದ ಕಾರಣ ಅತ್ತರು ದೂರಕ್ಕೆ ಹಬ್ಬುವುದಿಲ್ಲ, ಮೈಗೆ ಹತ್ತಿರವೇ ಇರುತ್ತದೆ. ಕಿಕ್ಕಿರಿದ ಸಿಟಿ ಬಸ್ಸಿಗೂ ಮೂವರಿರುವ ಹಾಸ್ಟೆಲ್ ರೂಮಿಗೂ ಅದು ಒಳ್ಳೆಯ ಗುಣವೇ. ಬೇಸಿಗೆಗೆ ಲಾವಂಚದ್ದು ಹಿತ. ಆದರೆ ಎಣ್ಣೆ ಎಣ್ಣೆಯೇ, ಬಿಳಿ ಅಂಗಿಗೆ ತಾಗಿದರೆ ಕಲೆ ಗ್ಯಾರಂಟಿ.

ಫುಟ್‌ಪಾತಿನಲ್ಲಿ ದೊಡ್ಡ ವಿದೇಶಿ ಹೆಸರಿನ ‘ಫಸ್ಟ್ ಕಾಪಿ’ಗಳೂ ಇದ್ದವು, 300 ರೂಪಾಯಿಗೆ. ಹುಡುಗನ ಕಣ್ಣು ಆ ಕಡೆ ಹೋಯಿತು. ಒಂದು ಪೆಟ್ಟಿಗೆ ತಿರುಗಿಸಿ ತೋರಿಸಿದೆ: ತಯಾರಿಸಿದವರ ವಿಳಾಸವಿಲ್ಲ, ಬ್ಯಾಚ್ ನಂಬರಿಲ್ಲ, ತಾರೀಖಿಲ್ಲ. ಚರ್ಮ ಉರಿದರೆ ಯಾರನ್ನು ಕೇಳುವುದು? ತನ್ನದೇ ಹೆಸರು, ವಿಳಾಸ ಹಾಕಿಕೊಂಡು ‘ಅದರ ಹಾಗೆ ಇದೆ’ ಎಂದು ಮಾರುವ ಕಂಪನಿಗಳೂ ಇವೆ. ಅದು ಬೇರೆ, ಇದು ಬೇರೆ.

ಕಾಫಿ ಕುಡಿದು ಕೂತಾಗ ಮಣಿಕಟ್ಟು ಮೂಸಿ ನೋಡು ಎಂದೆ. ಎಡಗೈಯನ್ನು ಮೂಗಿಗೆ ಹಿಡಿದು ಹುಬ್ಬು ಗಂಟಿಕ್ಕಿದ. ನಿಂಬೆ ಪೂರ್ತಿ ಹೋಗಿತ್ತು. ಉಳಿದದ್ದು ಏನೋ ಸಿಹಿ, ಅಂಟಂಟು. “ಬಾತ್‌ರೂಮ್ ತೊಳೆಯೋ ಲಿಕ್ವಿಡ್ ತರ ಇದೆ” ಎಂದ. ಬಲಗೈಯಲ್ಲಿ ಯಾಲಕ್ಕಿ ಮೆತ್ತಗಾಗಿ, ಅಜ್ಜಿಯ ಮರದ ಪೆಟ್ಟಿಗೆ ತೆರೆದ ಹಾಗೆ ಒಣ ಘಮ ಉಳಿದಿತ್ತು. ಕಾಗದದ ಪಟ್ಟಿಗಳನ್ನೂ ಚೀಲದಿಂದ ತೆಗೆದು ನೋಡಿದೆವು. ನಿಂಬೆಯ ಪಟ್ಟಿ ಇನ್ನೂ ಚೆನ್ನಾಗಿಯೇ ಇತ್ತು! ಕಾಗದಕ್ಕೆ ಬಿಸಿಯಿಲ್ಲ, ಬೆವರಿಲ್ಲ. ಪಟ್ಟಿ ನೋಡಿ ಬೇಡದ್ದನ್ನು ಬಿಡಬಹುದು, ಬೇಕಾದ್ದನ್ನು ಕೊಳ್ಳಲು ಮೈಯೇ ಆಗಬೇಕು.

ಯಾಲಕ್ಕಿಯದನ್ನೇ ಕೊಂಡ. 150 ಉಳಿಯಿತು. ಹೇಗೆ ಹಾಕಿಕೊಳ್ಳಬೇಕೆಂದು ದಾರಿಯಲ್ಲಿ ಹೇಳಿದೆ. ಸ್ನಾನ ಮಾಡಿ ಮೈ ಒರೆಸಿಕೊಂಡ ಮೇಲೆ, ಅಂಗಿ ತೊಡುವ ಮುಂಚೆ, ಕತ್ತಿನ ಬುಡಕ್ಕೆ ಒಂದು, ಎದೆಗೆ ಒಂದು. ಚರ್ಮ ಒಣಗಿ ಬಿರುಕು ಬಿಟ್ಟಿದ್ದರೆ ಪರಿಮಳ ನಿಲ್ಲುವುದಿಲ್ಲ, ಮೊದಲು ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಲಿ. ಕಂಕುಳಿಗೆ ಬೇಡ. ಅಲ್ಲಿನ ವಾಸನೆ ಬರುವುದು ಬೆವರಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳಿಂದ. ಅದಕ್ಕೆ ಸೋಪು ನೀರೇ ಮದ್ದು. ಬೆವರಿನ ಮೇಲೆ ಪರ್ಫ್ಯೂಮು ಹೊಡೆದರೆ ಎರಡು ವಾಸನೆಯೂ ಒಟ್ಟಿಗೆ ಬರುತ್ತವೆ. ಸೀಸೆಯನ್ನು ಹಾಸ್ಟೆಲಿನ ಕಿಟಕಿಯಲ್ಲಿ ಬಿಸಿಲಿಗಿಡದೆ ಟ್ರಂಕಿನೊಳಗೆ ಬಟ್ಟೆಯ ನಡುವೆ ಇಡಬೇಕು, ಬೆಳಕು ಶಾಖಕ್ಕೆ ಅದು ಹಾಳಾಗುತ್ತದೆ.

ಎಲ್ಲಕ್ಕೂ ತಲೆಯಾಡಿಸಿದ. ಮೂರು ವಾರ ಕಳೆದ ಮೇಲೆ ಫೋನು ಬಂತು.

“ಚಿಕ್ಕಮ್ಮ, ಅಂಗಡಿಯವರು ಮೋಸ ಮಾಡಿದ್ದಾರೆ. ಸೆಂಟಿನ ವಾಸನೇನೇ ಬರ್ತಿಲ್ಲ.”

“ದಿನಾ ಎಷ್ಟು ಸಲ ಒತ್ತುತ್ತೀಯ?”

“ಮೊದಲು ಎರಡೇ. ಈಗ ಏಳೆಂಟು.”

ರೂಮ್‌ಮೇಟನಿಗೆ ಫೋನು ಕೊಡಲು ಹೇಳಿದೆ. ದಿನವೂ ಒಂದೇ ಪರಿಮಳವನ್ನು ಮೂಸಿದರೆ ಹಾಕಿಕೊಂಡವರ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ, ಬೇರೆಯವರ ಮೂಗಿಗೆ ಹಾಗಾಗುವುದಿಲ್ಲ. ಆ ಹುಡುಗ ಸಂಕೋಚದಿಂದಲೇ ಹೇಳಿದ, “ಆಂಟಿ, ಇವನು ಕೆಳಗಡೆ ಗೇಟಿಗೆ ಬಂದ್ರೆ ನಮಗೆ ಮೂರನೇ ಮಹಡೀಲಿ ಗೊತ್ತಾಗುತ್ತೆ.”

ಸೀಸೆಯಲ್ಲಿ ಎಷ್ಟು ಉಳಿದಿದೆ ನೋಡಿ ಹೇಳು ಎಂದೆ. ಬೆಳಕಿಗೆ ಹಿಡಿದು ನೋಡಿದನೋ ಏನೋ, ಸ್ವಲ್ಪ ಹೊತ್ತು ಮಾತಿಲ್ಲ. “ಅರ್ಧಕ್ಕಿಂತ ಸ್ವಲ್ಪ ಮೇಲಿದೆ ಆಂಟಿ” ಎಂದ. ಹಿಂದಿನಿಂದ ನಮ್ಮ ಹುಡುಗ ಬೆರಳು ಮಡಚಿ ಏನೋ ಎಣಿಸುತ್ತಿದ್ದುದು ಕೇಳಿಸಿತು.