ಒಂದು ಮಿಕ್ಸಿ, ನಾಲ್ಕು ಮಾತು

ಶ್ರೀನಿವಾಸಪುರದಲ್ಲಿರುವ ನಮ್ಮ ಅಕ್ಕನ ಮಿಕ್ಸಿ ಕೆಟ್ಟುಹೋಯಿತು. ಏಳನೇ ತರಗತಿಯ ಮೊಮ್ಮಗಳು, "ಅಜ್ಜಿ, ಫೋನಲ್ಲೇ ತರಿಸೋಣ" ಎಂದಳು. ಅಕ್ಕನಿಗೆ ಧೈರ್ಯ ಬರಲಿಲ್ಲ. "ಬ್ಯಾಂಕಿನಲ್ಲಿ ಇಷ್ಟು ವರ್ಷ ಲೆಕ್ಕ ಬರೆದೋನು ನೀನು, ಈ ಇಂಗ್ಲಿಷ್ ಮಾತುಗಳೇನು ಅಂತ ಬಂದು ಹೇಳೋ" ಎಂದು ಕರೆಸಿಕೊಂಡಳು. ಕೋಲಾರದಿಂದ ಬಸ್ಸು ಹತ್ತಿದೆ.

ಪುಟದಲ್ಲಿ ಮೊದಲು ಕಂಡದ್ದು 'ಎಕ್ಸ್‌ಚೇಂಜ್'. ಈ ಮಾತಿಗೆ ಎರಡು ಅರ್ಥ. ಬಟ್ಟೆ, ಚಪ್ಪಲಿಯಾದರೆ ಅಳತೆ ಸರಿಹೋಗದಿದ್ದಾಗ ಬದಲಿಗೆ ಬೇರೆ ಅಳತೆ ಕೊಡುವುದು. ಮಿಕ್ಸಿ, ಫೋನಿನಂಥ ವಸ್ತುವಿನ ಬೆಲೆಯ ಪಕ್ಕದಲ್ಲೇ ಆ ಮಾತಿದ್ದರೆ ಹಳೆಯದನ್ನು ಕೊಟ್ಟು ಹೊಸದರ ಬೆಲೆಯಲ್ಲಿ ಸ್ವಲ್ಪ ಕಳೆಯಿಸಿಕೊಳ್ಳುವುದು. ಹಾಳಾಗಿ ಬಂದ ವಸ್ತುವಿಗೆ ಅಂಥದ್ದೇ ಹೊಸದು ಕೊಡುವುದಕ್ಕೆ 'ರಿಪ್ಲೇಸ್‌ಮೆಂಟ್' ಎನ್ನುತ್ತಾರೆ. ಅಕ್ಕನ ಮಿಕ್ಸಿಗೆ ಏಳು ದಿನದೊಳಗೆ ರಿಪ್ಲೇಸ್‌ಮೆಂಟ್ ಎಂದಿತ್ತು. ಈ ಗಡುವು ವಸ್ತುವಿನಿಂದ ವಸ್ತುವಿಗೆ ಬೇರೆ, ಕೊಳ್ಳುವ ಮೊದಲೇ ಓದಿಕೊಳ್ಳಬೇಕು.

"ದುಡ್ಡು ಮೊದಲೇ ಕೊಡಬೇಕಾ?" ಎಂದಳು ಅಕ್ಕ. ಬೇಡ, 'ಕ್ಯಾಶ್ ಆನ್ ಡೆಲಿವರಿ' ಇದೆ ಎಂದೆ. ನಮ್ಮ ಕಾಲದ ವಿ.ಪಿ.ಪಿ. ನೆನಪಿದೆಯಲ್ಲ? ಪೋಸ್ಟ್‌ಮ್ಯಾನ್ ಪಾರ್ಸೆಲ್ ತಂದಾಗ ಹಣ ಕಟ್ಟಿ ಬಿಡಿಸಿಕೊಳ್ಳುತ್ತಿದ್ದೆವು. ಇದೂ ಹಾಗೆಯೇ. ಆದರೆ ಸಾಮಾನ್ಯವಾಗಿ ಹಣ ಕೊಟ್ಟ ಮೇಲೆಯೇ ಡಬ್ಬ ಬಿಚ್ಚಬೇಕು. ಆದ್ದರಿಂದ ಬಿಚ್ಚುವಾಗ ಮೊಮ್ಮಗಳು ವಿಡಿಯೋ ತೆಗೆಯಲಿ ಎಂದೆ. ನೀವು ತರಿಸದ ಪಾರ್ಸೆಲ್ ಯಾರಾದರೂ ತಂದು ಹಣ ಕೇಳಿದರೆ ಕೊಡಬೇಡಿ, ವಾಪಸ್ಸು ಕಳಿಸಿ.

ಮಿಕ್ಸಿ ಬಂತು. ಅಕ್ಕ 2,450 ರೂಪಾಯಿ ಎಣಿಸಿಕೊಟ್ಟಳು. ಡಬ್ಬ ತೆಗೆದರೆ ದೊಡ್ಡ ಜಾರಿನ ಹಿಡಿ ಮುರಿದಿತ್ತು! ಮೊಮ್ಮಗಳ ವಿಡಿಯೋ ಆಗ ಕೆಲಸಕ್ಕೆ ಬಂತು. ಅದೇ ದಿನ ಚಿತ್ರ ಹಾಕಿ ದೂರು ಕೊಟ್ಟೆವು. ಆ ಮಾದರಿ ಮುಗಿದಿದೆ, ಮಿಕ್ಸಿ ವಾಪಸ್ಸು ಪಡೆದು 'ರಿಫಂಡ್' ಕೊಡುತ್ತೇವೆ ಎಂಬ ಉತ್ತರ ಬಂತು.

ರಿಫಂಡ್ ಎಂದರೆ ಕೊಟ್ಟ ಹಣ ಹಿಂದಿರುಗುವುದು. ಕಾರ್ಡಿನಿಂದ ಕಟ್ಟಿದ್ದರೆ ಸಾಮಾನ್ಯವಾಗಿ ಅದೇ ಕಾರ್ಡಿನ ಖಾತೆಗೆ ಬರುತ್ತದೆ. ನಗದು ಕೊಟ್ಟವರಿಗೆ ಯಾರೂ ಮನೆಗೆ ಬಂದು ನೋಟು ಕೊಡುವುದಿಲ್ಲ. ಖಾತೆ ಸಂಖ್ಯೆ ಮತ್ತು IFSC ಕೇಳುತ್ತಾರೆ. ಮೊಮ್ಮಗಳು ತುಂಬಿದಳು, ಫಾರಂ ತೆಗೆದುಕೊಳ್ಳಲಿಲ್ಲ. ನೋಡಿದರೆ ಐದನೇ ಅಕ್ಷರವನ್ನು ಇಂಗ್ಲಿಷಿನ 'ಓ' ಎಂದು ಒತ್ತಿದ್ದಳು. ಮಕ್ಕಳೇ, IFSCಯಲ್ಲಿ ಒಟ್ಟು 11 ಗುರುತುಗಳು, ಮೊದಲ ನಾಲ್ಕು ಅಕ್ಷರ, ಐದನೆಯದು ಸೊನ್ನೆ. ಸರಿಪಡಿಸಿದಳು.

ಮಾರನೆಯ ದಿನ ಅಕ್ಕನಿಗೆ ಒಂದು ಕರೆ. "ಅಮ್ಮಾ, ನಿಮ್ಮ ರಿಫಂಡ್ ರೆಡಿ, ಫೋನಲ್ಲಿ ಪಿನ್ ಒತ್ತಿ" ಎಂದ ಯಾರೋ. ಅಕ್ಕ ಒತ್ತಲು ಹೊರಟಿದ್ದಳು. ನಾನು ಫೋನ್ ಕಿತ್ತುಕೊಂಡು ಇಟ್ಟೆ. ಬ್ಯಾಂಕಿನ ಲೆಕ್ಕ ಸರಳ: ನಿಮ್ಮ ಖಾತೆಗೆ ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಪಿನ್ ಕೇಳಿದನೆಂದರೆ ಅವನು ಕೊಡುವವನಲ್ಲ, ತೆಗೆಯುವವನು. ಒತ್ತಿ ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.

ಆರನೇ ದಿನ ಪಾಸ್‌ಬುಕ್ಕಿನಲ್ಲಿ 2,450 ಜಮಾ ಆಗಿತ್ತು. ಆಗದಿದ್ದರೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು. ಕಂಪನಿ ಎಲ್ಲಿದ್ದರೂ ಮಾಲೂರಿನವರು, ಮುಳಬಾಗಿಲಿನವರು ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. 2019ರ ಕಾನೂನು ಆ ಹಕ್ಕು ಕೊಟ್ಟಿದೆ.

ಅದೇ ಹಣಕ್ಕೆ ಇನ್ನೊಂದು ಮಿಕ್ಸಿ ಬಂತು. ಇದಕ್ಕೆ ಎರಡು ವರ್ಷದ 'ವಾರಂಟಿ'. ಅಂದರೆ ಅಷ್ಟು ದಿನದೊಳಗೆ ತಯಾರಿಕೆಯ ದೋಷದಿಂದ ಕೆಟ್ಟರೆ ಕಂಪನಿ ರಿಪೇರಿ ಮಾಡಿಕೊಡುತ್ತದೆ, ಇಲ್ಲವೇ ಭಾಗ ಬದಲಿಸುತ್ತದೆ. ಹಣ ವಾಪಸ್ಸು ಎಂಬ ಮಾತು ಅದರಲ್ಲಿಲ್ಲ. ಕೈಜಾರಿ ಬಿದ್ದು ಜಾರು ಸೀಳಿದರೆ ಅದು ನಮ್ಮದೇ ಖರ್ಚು. ಬಿಲ್ಲಿಲ್ಲದೆ ವಾರಂಟಿ ಕೇಳುವುದು ಕಷ್ಟ. ಈ ಬಿಲ್ಲು ಫೋನಿನಲ್ಲೇ ಬರುತ್ತದೆ, ಫೋನ್ ಬದಲಾದರೆ ಕಳೆದುಹೋಗಬಹುದು.

ಅದಕ್ಕೇ ಮೊಮ್ಮಗಳು ಅಂಗಡಿಯಲ್ಲಿ ಅದನ್ನು ಅಚ್ಚು ಹಾಕಿಸಿ ತಂದಳು. ಅಕ್ಕ ಅದನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟು, ಹೊಸ ಮಿಕ್ಸಿಯಲ್ಲಿ ಕಡಲೆಕಾಯಿ ಚಟ್ನಿ ರುಬ್ಬಿ ನನಗೆ ರಾಗಿಮುದ್ದೆ ಬಡಿಸಿದಳು.